ಕಕ್ಕ ತಡೆಹಿಡಿಯುತ್ತಿದ್ದ ಪುಟ್ಟ: ಉಡುಪಿಯ ಒಂದು ಪ್ರಕರಣ

ಈ ಹುಡುಗ ನನ್ನ ಹತ್ತಿರ ಬಂದಾಗ ಅವನಿಗೆ ಎರಡು ವರ್ಷ ಹತ್ತು ತಿಂಗಳು. ತೂಕ 13 ಕಿಲೋ. ಇಲ್ಲಿ ಅವನನ್ನು ಪುಟ್ಟ ಅಂತಲೇ ಕರೆಯುತ್ತೇನೆ. ಅಪ್ಪ ಅಮ್ಮನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗದ ಹಾಗೆ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಉಡುಪಿ ಕಡೆಯಲ್ಲಿ ಮಕ್ಕಳ ವೈದ್ಯನಾಗಿ ಕೆಲಸ ಮಾಡುವ ನನಗೆ ಇಂಥ ಮಕ್ಕಳು ಆಗಾಗ ಸಿಗುತ್ತಾರೆ. ಈ ಮನೆಯದ್ದನ್ನೇ ಆರಿಸಿಕೊಂಡದ್ದು ಯಾಕೆಂದರೆ, ಇಲ್ಲಿ ಯಾರೂ ಮಗುವನ್ನು ಅಲಕ್ಷ್ಯ ಮಾಡಿರಲಿಲ್ಲ. ಗೊತ್ತಿದ್ದದ್ದನ್ನೆಲ್ಲ ಮಾಡಿದ್ದರು. ಆದರೂ ನಾಲ್ಕು ತಿಂಗಳಲ್ಲಿ ತೊಂದರೆ ದುಪ್ಪಟ್ಟಾಗಿತ್ತು.

ಶುರುವಾದದ್ದು ಹೀಗೆ

ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಪುಟ್ಟ ಅಜ್ಜಿಯ ಜೊತೆ, ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ. ಹುಟ್ಟಿದ ದಿನವೇ ಮೊದಲ ಕಪ್ಪು ಮಲ ಹೋಗಿತ್ತು. ಎರಡೂವರೆ ವರ್ಷದವರೆಗೆ ದಿನ ಬಿಟ್ಟು ದಿನವಾದರೂ ಕಕ್ಕ ಮಾಡುತ್ತಿದ್ದ, ತೊಂದರೆ ಇರಲಿಲ್ಲ.

ಮಾರ್ಚ್‌ನಲ್ಲಿ ಅವನಿಗೆ ಜ್ವರ ಬಂತು. ನಾಲ್ಕೈದು ದಿನ ಊಟ ಸೇರಲಿಲ್ಲ, ಕುಡಿದದ್ದೂ ಕಡಿಮೆ. ನಮ್ಮ ಕರಾವಳಿಯ ಮಾರ್ಚ್ ಸೆಕೆ ಗೊತ್ತಲ್ವಾ, ಸುಮ್ನೆ ಕೂತರೂ ಬೆವರು ಸುರಿಯುತ್ತದೆ. ಜ್ವರ ಬಿಟ್ಟ ಮೇಲೆ ಹೋದ ಮೊದಲ ಮಲ ಗಟ್ಟಿ, ದಪ್ಪ, ಮೇಲೆ ರಕ್ತದ ಗೆರೆ. ಪುಟ್ಟ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿತಂತೆ.

ಇದೊಂದೇ ಆಗಿದ್ದರೆ ಬಹುಶಃ ವಾರದಲ್ಲಿ ಮರೆಯುತ್ತಿತ್ತು. ಆದರೆ ಅದೇ ಹೊತ್ತಿಗೆ ಜೂನ್‌ನಲ್ಲಿ ಸೇರಿಸಬೇಕಾದ ಪ್ಲೇಸ್ಕೂಲ್‌ನವರು ಡಯಾಪರ್ ಬಿಡಿಸಿಯೇ ಕಳಿಸಿ ಅಂದರು. ಏಪ್ರಿಲ್‌ನಲ್ಲಿ ಡಯಾಪರ್ ತೆಗೆದು ದೊಡ್ಡವರ ಕಮೋಡಿನ ಮೇಲೆ ಕೂರಿಸಲು ಶುರು ಮಾಡಿದರು. ಕಾಲು ಗಾಳಿಯಲ್ಲಿ ನೇತಾಡುತ್ತದೆ, ಒಳಗೆ ಬಿದ್ದೇನೋ ಅನ್ನುವ ಭಯ ಬೇರೆ. ಗಟ್ಟಿ ಮಲದ ನೋವು ಮತ್ತು ಈ ಹೊಸ ಜಾಗ, ಎರಡೂ ಅವನ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡವು. "ಕಕ್ಕ ಬೇಡ, ಕಚ್ತದೆ" ಅನ್ನಲು ಶುರು ಮಾಡಿದ.

ಆಮೇಲೆ ಮೂರು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ, ಒಂದು ಸಲ ಎಂಟು ದಿನ. ಪ್ರತಿ ಸಲವೂ ಹಿಂದಿನದಕ್ಕಿಂತ ದಪ್ಪ, ಹಿಂದಿನದಕ್ಕಿಂತ ಜಾಸ್ತಿ ನೋವು.

ಮನೆಯಲ್ಲಿ ಮಾಡಿದ್ದು

ಅಜ್ಜಿ ರಾತ್ರಿ ಒಣದ್ರಾಕ್ಷಿ ನೆನೆಸಿಟ್ಟು ಬೆಳಿಗ್ಗೆ ಅದರ ನೀರು ಕುಡಿಸಿದರು. ಹರಳೆಣ್ಣೆ ಕೊಟ್ಟರು. ಅದೂ ಆಗದಿದ್ದಾಗ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ ಹಿಂದಿನಿಂದ ಹಾಕಿದರು, ಒಂದೆರಡು ಸಲ ಸೋಪಿನ ಚೂರು ಹಾಕಿದರು. ಅವರ ಮಕ್ಕಳಿಗೆಲ್ಲ ಅದನ್ನೇ ಮಾಡಿದ್ದು, ಆಗ ಕೆಲಸ ಆಗಿತ್ತು. ಇಲ್ಲೂ ಆ ಹೊತ್ತಿಗೆ ಕೆಲಸ ಆಗುತ್ತಿತ್ತು, ಮಲ ಹೋಗುತ್ತಿತ್ತು. ಆದರೆ ಇಬ್ಬರು ಕೈಕಾಲು ಹಿಡಿದು ಮೂರನೆಯವರು ಹಿಂದಿನಿಂದ ಏನನ್ನೋ ಹಾಕುವುದು ಎರಡೂವರೆ ವರ್ಷದ ಮಗುವಿಗೆ ಹೇಗಿರುತ್ತದೆ ಅಂತ ಯೋಚಿಸಿ. ಸೋಪು ಮೊದಲೇ ಸೀಳಿದ ಚರ್ಮವನ್ನು ಉರಿಸುತ್ತದೆ. ಅಲ್ಲಿಂದ ಮುಂದೆ ಪುಟ್ಟ ಚಡ್ಡಿ ಬದಲಿಸಲೂ ಬಿಡಲಿಲ್ಲ, ಮಲಗಿಸಿದರೆ ಸಾಕು, ಎರಡೂ ಕಾಲು ಬಿಗಿ ಹಿಡಿಯುತ್ತಿದ್ದ.

ಮೆಡಿಕಲ್‌ನಿಂದ ಲ್ಯಾಕ್ಟುಲೋಸ್ ಸಿರಪ್ ತಂದಿದ್ದರು. ಮಲ ಮೆತ್ತಗಾದ ಮಾರನೇ ದಿನವೇ ನಿಲ್ಲಿಸುತ್ತಿದ್ದರು. ಅಭ್ಯಾಸ ಆಗಿಬಿಟ್ಟರೆ, ಆಮೇಲೆ ಔಷಧಿ ಇಲ್ಲದೆ ಹೋಗುವುದೇ ಇಲ್ಲ ಎಂಬ ಭಯ. ಈ ಭಯ ನಾನು ನೋಡುವ ಬಹುತೇಕ ಮನೆಗಳಲ್ಲಿ ಇದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಪ್ರಕರಣ ಮತ್ತೆ ಒಮ್ಮೆ ಜಾರಿದ್ದು ಅಲ್ಲಿಯೇ.

ಜೂನ್ ಕೊನೆಗೆ ಹೊಸದೊಂದು ಸೇರಿಕೊಂಡಿತು. ದಿನವಿಡೀ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ನೀರಾದ ಮಲ ಸೋರುವುದು. ಹೊರಗೆ ಮಳೆ, ಒಗೆದ ಚಡ್ಡಿ ಒಣಗುವುದಿಲ್ಲ, ಶಾಲೆಯವರು ಮನೆಗೆ ಕಳಿಸಿದರು. ಈಗ ಭೇದಿ ಶುರುವಾಗಿದೆ ಅಂದುಕೊಂಡು ಮನೆಯವರು ಸಿರಪ್, ಹಣ್ಣು ಎಲ್ಲ ನಿಲ್ಲಿಸಿ ಬರೀ ಬೆಳ್ತಿಗೆ ಅನ್ನ, ರಸ್ಕು, ಹಾಲು ಕೊಡಲು ಶುರು ಮಾಡಿದರು. ನನ್ನ ಹತ್ತಿರ ಬಂದದ್ದು ಈ ಭೇದಿಗೆ ಔಷಧಿ ಕೇಳಿಕೊಂಡು.

ಫೋನಿನಲ್ಲಿದ್ದ ವಿಡಿಯೋ

ಅಮ್ಮ ಹೇಳಿದರು, "ಎಷ್ಟು ಮುಕ್ತಾನೆ ಡಾಕ್ಟ್ರೇ, ಮುಖ ಕೆಂಪಾಗ್ತದೆ, ಆದ್ರೂ ಬರುದಿಲ್ಲ." ವಿಡಿಯೋ ಉಂಟಾ ಅಂತ ಕೇಳಿದೆ. ಇತ್ತು. ಸೋಫಾದ ಹಿಂದೆ ಮೂಲೆಯಲ್ಲಿ ಪುಟ್ಟ ನಿಂತಿದ್ದಾನೆ. ಎರಡು ಕೈಯಲ್ಲಿ ಸೋಫಾ ಹಿಡಿದಿದ್ದಾನೆ. ತುದಿಗಾಲ ಮೇಲೆ ನಿಂತು ತೊಡೆ ಒಂದಕ್ಕೊಂದು ಒತ್ತಿ, ಅಂಡು ಬಿಗಿ ಹಿಡಿದು, ಮೈಯೆಲ್ಲ ನಡುಗಿಸುತ್ತಿದ್ದಾನೆ. ಅರ್ಧ ನಿಮಿಷದ ನಂತರ ಸಡಿಲಾಗಿ, ಏನೂ ಆಗದವನ ಹಾಗೆ ಆಡಲು ಹೋಗುತ್ತಾನೆ.

ನಾನು ವಿಡಿಯೋ ನಿಲ್ಲಿಸಿ ಕಾಲುಗಳನ್ನು ತೋರಿಸಿದೆ. ಮುಕ್ಕುವ ಮಗು ಕುಕ್ಕರಗಾಲಲ್ಲಿ ಕೂರುತ್ತದೆ, ಮೊಣಕಾಲು ಮಡಚುತ್ತದೆ. ಇವನು ಕಾಲು ನೆಟ್ಟಗೆ ಮಾಡಿ ಕತ್ತರಿಯಂತೆ ಒತ್ತಿಕೊಂಡಿದ್ದಾನೆ. ಇದು ಹೊರಗೆ ಹಾಕುವ ಪ್ರಯತ್ನ ಅಲ್ಲ. ಒಳಗೆ ಹಿಡಿದಿಡುವ ಪ್ರಯತ್ನ. ಮಲ ಬಂದಾಗ ಎಚ್ಚರಿಸುವ ಒತ್ತಡ ಬರುತ್ತದೆ, ಅವನು ಪೂರ್ತಿ ಬಲ ಹಾಕಿ ಅದನ್ನು ಹಿಂದಕ್ಕೆ ಕಳಿಸುತ್ತಾನೆ, ಒತ್ತಡ ಹೋಗುತ್ತದೆ. ಅವನ ಮಟ್ಟಿಗೆ ಅವನು ಗೆದ್ದ.

ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಅವ್ನಿಗೆ ಹೋಗ್ಲಿಕ್ಕೆ ಆಗದೆ ಅಲ್ಲ, ಹೆದರಿ ಬಿಡದೆ" ಅಂದರು. ಈ ಪ್ರಕರಣದಲ್ಲಿ ಮೊದಲ ತಿರುವು ಅದು. ಅಲ್ಲಿಯವರೆಗೆ ಮನೆಯವರೆಲ್ಲ "ಮುಕ್ಕು ಪುಟ್ಟಾ, ಇನ್ನೂ ಮುಕ್ಕು" ಅಂತ ಹುರಿದುಂಬಿಸುತ್ತಿದ್ದರು. ಅವನಿಗೆ ಅದು ಒತ್ತಾಯದ ಹಾಗೆಯೇ ಕೇಳಿಸುತ್ತಿತ್ತು.

ಹಿಡಿದಿಟ್ಟ ಮಲಕ್ಕೆ ಏನಾಗುತ್ತದೆ? ದೊಡ್ಡ ಕರುಳಿನ ಕೆಲಸವೇ ನೀರು ಹೀರುವುದು. ಹೆಚ್ಚು ಹೊತ್ತು ಉಳಿದಷ್ಟೂ ಮಲ ಒಣಗಿ ಗಟ್ಟಿಯಾಗುತ್ತದೆ, ಹಿಂದಿನಿಂದ ಬಂದದ್ದು ಸೇರಿ ದಪ್ಪವಾಗುತ್ತದೆ. ಕೊನೆಗೆ ತಡೆಯಲಾಗದೆ ಹೊರಬಂದಾಗ ಗುದದ ಚರ್ಮ ಸೀಳುತ್ತದೆ. ನೋವಾಗುತ್ತದೆ ಅಂತ ಅವನು ಹೆದರಿದ್ದು ನಿಜವೇ ಆಯಿತಲ್ಲ, ಮುಂದಿನ ಸಲ ಇನ್ನೂ ಬಿಗಿ ಹಿಡಿಯುತ್ತಾನೆ. ಹೀಗೆ ವಾರಗಟ್ಟಲೆ ತುಂಬಿದ ಗುದನಾಳ ಹಿಗ್ಗುತ್ತದೆ. ಹಿಗ್ಗಿದ ಮೇಲೆ ಸ್ವಲ್ಪ ಮಲ ಬಂದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಮೇಲಿನಿಂದ ಬರುವ ತೆಳು ಮಲ ಗಟ್ಟಿ ಉಂಡೆಯ ಪಕ್ಕದಿಂದ ಜಾರಿ ಚಡ್ಡಿಗೆ ಸೋರುತ್ತದೆ. ಮನೆಯವರು ಭೇದಿ ಅಂದುಕೊಂಡದ್ದು ಇದನ್ನೇ. ಮಗುವಿಗೆ ಅದು ಗೊತ್ತಾಗುವುದಿಲ್ಲ, ಆದ್ದರಿಂದ ಬೈದು ಪ್ರಯೋಜನ ಇಲ್ಲ. ಬೈದರೆ ಅನ್ಯಾಯ ಕೂಡ.

ಪರೀಕ್ಷೆ ಮಾಡಿದಾಗ ಹೊಟ್ಟೆಯ ಕೆಳಗೆ ಎಡಗಡೆ ಗಟ್ಟಿ ಮಲ ಕೈಗೆ ಸಿಕ್ಕಿತು. ಗುದದ ಅಂಚಿನಲ್ಲಿ ಸೀಳು ಕಣ್ಣಿಗೇ ಕಂಡಿತು. ಅಮ್ಮನ ಮಡಿಲಲ್ಲಿ ಕೂರಿಸಿಕೊಂಡೇ ನೋಡಿದೆ, ಬೆರಳು ಹಾಕಲಿಲ್ಲ. ಅವನ ಭಯವನ್ನು ಇನ್ನೊಂದು ಪಟ್ಟು ಹೆಚ್ಚಿಸಿ ತಿಳಿಯಬೇಕಾದದ್ದು ಏನೂ ಇರಲಿಲ್ಲ. ಎಕ್ಸ್‌ರೇ ಕೂಡ ಬೇಕಿರಲಿಲ್ಲ.

ಬೇರೆ ಕಾಯಿಲೆ ಇರಬಹುದಾ ಅಂತ ನೋಡುವುದು ಮುಖ್ಯ. ಹುಟ್ಟಿದ ಮೇಲೆ ಎರಡು ದಿನ ಕಳೆದರೂ ಮೊದಲ ಮಲ ಹೋಗದಿದ್ದರೆ, ಮೊದಲ ತಿಂಗಳಿನಿಂದಲೇ ಮಲಬದ್ಧತೆ ಇದ್ದರೆ, ಹೊಟ್ಟೆ ಊದಿ ಹಸಿರು ವಾಂತಿ ಆದರೆ, ತೂಕ ಏರದಿದ್ದರೆ, ಕಾಲಿನಲ್ಲಿ ಬಲ ಕಡಿಮೆ ಇದ್ದರೆ, ಬೆನ್ನಿನ ಕೆಳತುದಿಯಲ್ಲಿ ಗುಳಿ ಅಥವಾ ಕೂದಲ ಗೊಂಚಲು ಇದ್ದರೆ ದಾರಿ ಬೇರೆ. ಆಗ ಕರುಳಿನ ನರಗಳ ತೊಂದರೆ, ಬೆನ್ನುಹುರಿಯ ತೊಂದರೆ, ಥೈರಾಯ್ಡ್ ಇತ್ಯಾದಿ ಹುಡುಕಬೇಕು. ಪುಟ್ಟನಲ್ಲಿ ಇದ್ಯಾವುದೂ ಇರಲಿಲ್ಲ. ಬೆಳವಣಿಗೆ ಚೆನ್ನಾಗಿತ್ತು.

ಮೊದಲು ಖಾಲಿ ಮಾಡುವುದು

ಅಮ್ಮನ ಮೊದಲ ಪ್ರಶ್ನೆ, ಏನು ತಿನ್ನಿಸಬೇಕು ಅಂತ. ಊಟದ ಮಾತು ಒಂದು ವಾರ ಬಿಟ್ಟು ಮಾತಾಡೋಣ ಅಂದೆ. ಕೆಳಗೆ ಉಂಡೆ ಕೂತಿರುವಾಗ ಮೇಲಿನಿಂದ ನಾರು ಜಾಸ್ತಿ ಹಾಕಿದರೆ ಗಾತ್ರ ಹೆಚ್ಚಾಗುತ್ತದೆ ಅಷ್ಟೇ. ಹೊಟ್ಟೆನೋವು, ಗ್ಯಾಸ್ ಜಾಸ್ತಿಯಾಗುತ್ತದೆ. ಮೊದಲು ದಾರಿ ತೆರವಾಗಬೇಕು.

ಅದಕ್ಕೆ ಬಳಸಿದ್ದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಬಾಯಿಯ ಮೂಲಕ. ಇದು ನೀರನ್ನು ಹಿಡಿದುಕೊಂಡು ಕರುಳಿನಲ್ಲಿ ಸಾಗುತ್ತದೆ, ಮೈಗೆ ಹೀರಿಕೊಳ್ಳುವುದು ತೀರಾ ಕಡಿಮೆ. ಖಾಲಿ ಮಾಡಲು ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ ಅನ್ನುವುದು ಈಗ ಎಲ್ಲೆಡೆ ಒಪ್ಪಿರುವ ಲೆಕ್ಕ. 13 ಕಿಲೋದ ಪುಟ್ಟನಿಗೆ ದಿನಕ್ಕೆ 17 ಗ್ರಾಂ ಬಂತು. ಇದನ್ನು ಓದಿ ಯಾರೂ ತಾವೇ ಕೊಡಬೇಡಿ. ಮಗುವಿನ ತೂಕ, ಹೊಟ್ಟೆ ಎರಡನ್ನೂ ನೋಡಿಯೇ ವೈದ್ಯರು ಡೋಸು ಹೇಳಬೇಕು. ದೊಡ್ಡವರಿಗೆ ಕರುಳಿನ ಪರೀಕ್ಷೆಗೆ ಮುಂಚೆ ಕೊಡುವ ದೊಡ್ಡ ಪ್ಯಾಕೆಟ್ ಬೇರೆ, ಅದನ್ನು ಇದಕ್ಕೆ ತರಬಾರದು.

ಹಿಂದಿನಿಂದ ಕೊಡುವ ಎನಿಮಾದಿಂದಲೂ ಖಾಲಿ ಮಾಡಬಹುದಿತ್ತು, ಬೇಗವೂ ಆಗುತ್ತಿತ್ತು. ಆದರೆ ಈ ಮಗುವಿನ ಕಾಯಿಲೆಯ ಅರ್ಧ ಭಾಗ ಹಿಂದಿನಿಂದ ಆದ ನೋವೇ ಆಗಿತ್ತು. ಹಾಗಾಗಿ ಅಂದಿನಿಂದ ಹಿಂದಿನಿಂದ ಯಾರೂ ಏನೂ ಹಾಕುವುದಿಲ್ಲ ಅಂತ ನಿರ್ಧರಿಸಿದೆವು. ತೊಟ್ಟೂ ಇಲ್ಲ, ಸೋಪೂ ಇಲ್ಲ, ಗ್ಲಿಸರಿನ್ ಕಡ್ಡಿಯೂ ಇಲ್ಲ. ಅಜ್ಜಿಯೇ ಪುಟ್ಟನನ್ನು ಕೂರಿಸಿಕೊಂಡು, "ಇನ್ನು ಯಾರೂ ಅಲ್ಲಿ ಮುಟ್ಟುದಿಲ್ಲ ಮಗಾ" ಅಂದರಂತೆ. ಮಗುವಿಗೆ ಆ ಮಾತು ಅಜ್ಜಿಯ ಬಾಯಿಂದಲೇ ಬರಬೇಕಿತ್ತು.

ಶುಕ್ರವಾರ ಸಂಜೆ ಶುರು ಮಾಡಲು ಹೇಳಿದೆ, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲಿ ಇರುತ್ತಾರೆ ಅಂತ. 17 ಗ್ರಾಂ ಪುಡಿಯನ್ನು ಒಂದು ದೊಡ್ಡ ಲೋಟ, ಸುಮಾರು 240 ಮಿಲಿ ನೀರಿನಲ್ಲಿ ಪೂರ್ತಿ ಕರಗಿಸಿ, ಎರಡು ಪಾಲು ಮಾಡಿ ಕುಡಿಸಬೇಕು. ಬೊಂಡದ ನೀರಿನಲ್ಲಿ ಕರಗಿಸಿದರೆ ಪುಟ್ಟ ಬೇಗ ಕುಡಿಯುತ್ತಿದ್ದ.

ಒಂದು ಎಚ್ಚರಿಕೆ ಮೊದಲೇ ಕೊಟ್ಟಿದ್ದೆ. ಎರಡನೇ ದಿನ ಸೋರುವುದು ಜಾಸ್ತಿಯಾಗುತ್ತದೆ, ಆಗ ನಿಲ್ಲಿಸಬಾರದು. ಹಾಗೆಯೇ ಆಯಿತು. ಭಾನುವಾರ ಬೆಳಿಗ್ಗೆ ಫೋನು, "ಪೂರಾ ನೀರು ಡಾಕ್ಟ್ರೇ, ಪುಡಿ ನಿಲ್ಲಿಸುದಾ?" ಉಂಡೆ ಹೊರಗೆ ಬಂತಾ ಅಂತ ಕೇಳಿದೆ. ಬಂದಿರಲಿಲ್ಲ. ಹಾಗಾದರೆ ಮುಂದುವರಿಸಿ, ಮಗು ಲವಲವಿಕೆಯಿಂದ ಇದೆಯಾ, ಉಚ್ಚೆ ಸರಿಯಾಗಿ ಮಾಡ್ತಾನಾ ನೋಡಿಕೊಳ್ಳಿ, ವಾಂತಿ ಆದರೆ ಅಥವಾ ಹೊಟ್ಟೆ ಉಬ್ಬಿದರೆ ಕರೆದುಕೊಂಡು ಬನ್ನಿ ಅಂದೆ. ಅವತ್ತು ಸಂಜೆ ಡಯಾಪರ್‌ಗೆ ದೊಡ್ಡ ಗಡ್ಡೆ ಬಿತ್ತು, ರಾತ್ರಿ ಇನ್ನೆರಡು. ಮಂಗಳವಾರದ ಹೊತ್ತಿಗೆ ಗಂಟುಗಳಿಲ್ಲದ ಕಂದು ನೀರು ಮಾತ್ರ ಹೋಗುತ್ತಿತ್ತು. ಖಾಲಿಯಾಗಿದೆ ಅನ್ನುವುದಕ್ಕೆ ಗುರುತು ಅದೇ. ಚಡ್ಡಿ ಸೋರುವುದು ಎರಡೇ ದಿನದಲ್ಲಿ ನಿಂತಿತು. ಅಪ್ಪ ಅದನ್ನು ನೋಡಿದ ಮೇಲೆಯೇ ನನ್ನ ಮಾತನ್ನು ಪೂರ್ತಿ ನಂಬಿದ್ದು.

ಡಯಾಪರ್ ವಾಪಸ್ ಬಂತು

ಮನೆಯವರಿಗೆ ಒಪ್ಪಲು ಅತ್ಯಂತ ಕಷ್ಟವಾದದ್ದು ಇದು. ಟಾಯ್ಲೆಟ್ ಕಲಿಸುವುದನ್ನು ಪೂರ್ತಿ ನಿಲ್ಲಿಸಿ ಅಂದೆ. ಕಕ್ಕ ಬಂದಾಗ ಡಯಾಪರ್ ಕೇಳಿದರೆ ಹಾಕಿ, ಸೋಫಾದ ಹಿಂದೆ ನಿಂತು ಮಾಡಿದರೂ ಪರವಾಗಿಲ್ಲ. ಶಾಲೆಗೆ ಎರಡು ತಿಂಗಳು ತಡವಾಗಿ ಹೋಗಲಿ. ಅಪ್ಪ, "ಹಿಂದೆ ಹೋದ ಹಾಗೆ ಆಗುದಿಲ್ವಾ?" ಅಂದರು. ಈಗ ಎರಡು ಕಲಿಕೆ ಇವೆ, ಮಲ ಬಿಡುವುದು ಒಂದು, ಎಲ್ಲಿ ಬಿಡುವುದು ಇನ್ನೊಂದು. ಮೊದಲನೆಯದೇ ಮುರಿದಿರುವಾಗ ಎರಡನೆಯದಕ್ಕೆ ಹಟ ಮಾಡಿದರೆ ಎರಡೂ ಹೋಗುತ್ತವೆ ಅಂತ ವಿವರಿಸಿದೆ.

ಖಾಲಿಯಾದ ಮರುದಿನದಿಂದ ಪುಡಿಯನ್ನು ದಿನಕ್ಕೆ 5 ಗ್ರಾಂಗೆ ಇಳಿಸಿದೆವು. ಕಿಲೋಗೆ 0.4 ಗ್ರಾಂ ಹತ್ತಿರ. ನಾಲ್ಕು ದಿನದಲ್ಲಿ ಮಲ ಮತ್ತೆ ದಪ್ಪವಾಗತೊಡಗಿತು, ಪುಟ್ಟ ತುದಿಗಾಲ ಮೇಲೆ ನಿಲ್ಲತೊಡಗಿದ. 8 ಗ್ರಾಂಗೆ ಏರಿಸಿದೆ. ಅಲ್ಲಿ ಹದ ಸಿಕ್ಕಿತು. ನಮಗೆ ಬೇಕಾದದ್ದು ಕಿವುಚಿದ ಬಾಳೆಹಣ್ಣಿನ ಹದ, ದಿನಕ್ಕೆ ಒಂದೋ ಎರಡೋ ಸಲ. ಇಷ್ಟು ಮೆತ್ತಗಿದ್ದರೆ ಮಗು ಹಿಡಿದಿಡಲು ಪ್ರಯತ್ನಿಸಿದರೂ ಪೂರ್ತಿ ಆಗುವುದಿಲ್ಲ, ಬಂದಾಗ ನೋವೂ ಆಗುವುದಿಲ್ಲ. ಡೋಸು ಸರಿ ಇದೆಯಾ ಅನ್ನುವುದನ್ನು ಮಲವೇ ಹೇಳುತ್ತದೆ. ನೀರಾದರೆ ಒಂದು ಗ್ರಾಂ ಕಡಿಮೆ, ಗಟ್ಟಿಯಾದರೆ ಒಂದು ಗ್ರಾಂ ಜಾಸ್ತಿ. ಅಮ್ಮ ಫ್ರಿಜ್‌ನ ಮೇಲಿನ ಕ್ಯಾಲೆಂಡರ್‌ನಲ್ಲಿ ದಿನವೂ ಮೂರು ವಿಷಯ ಬರೆದಿಟ್ಟರು: ಹೋಯಿತಾ, ಯಾವ ಹದ, ಅತ್ತನಾ.

ಸೀಳು ಒಣಗಲು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ದಿನಕ್ಕೆರಡು ಸಲ ಹತ್ತು ನಿಮಿಷ ಆಟ. ಕೂರಿಸುವ ಮುಂಚೆ ಮೊಣಕೈ ಅದ್ದಿ ನೋಡಬೇಕು, ಉಗುರುಬೆಚ್ಚಗಷ್ಟೇ ಇರಬೇಕು. ಆಮೇಲೆ ಹೊರಗಿನ ಚರ್ಮಕ್ಕೆ ವ್ಯಾಸಲಿನ್, ಅದನ್ನೂ ಪುಟ್ಟನ ಕೈಯಲ್ಲೇ ಹಚ್ಚಿಸಿದರು. ಇನ್ನೊಂದು ಚಿಕ್ಕ ವಿಷಯ ಅಮ್ಮನೇ ಗಮನಿಸಿದ್ದು. ಕಮೋಡಿನ ಪಕ್ಕದ ಸ್ಪ್ರೇ ಪೈಪ್‌ನಿಂದ ತೊಳೆದಾಗ ಪುಟ್ಟ ಬೆಚ್ಚಿಬೀಳುತ್ತಿದ್ದ. ಆ ರಭಸದ ನೀರು ನೇರ ಸೀಳಿಗೆ ಹೊಡೆಯುತ್ತಿತ್ತು. ಚೊಂಬಿನಲ್ಲಿ ಬೆಚ್ಚಗಿನ ನೀರು ಮೆಲ್ಲ ಸುರಿದು ತೊಳೆಯಲು ಶುರು ಮಾಡಿದ ಮೇಲೆ ತೊಳೆಸಿಕೊಳ್ಳಲು ತಾನಾಗಿಯೇ ಬರುತ್ತಿದ್ದ.

ಊಟದಲ್ಲಿ ಬದಲಾದದ್ದು

ಮೊದಲ ದಿನ ಬರೆಸಿಕೊಂಡ ಪಟ್ಟಿಯಲ್ಲಿ ಎದ್ದು ಕಾಣುತ್ತಿದ್ದದ್ದು ಹಾಲು. ಬೆಳಿಗ್ಗೆ ಒಂದು ಬಾಟಲಿ, ಮಧ್ಯಾಹ್ನ ಮಲಗುವಾಗ ಒಂದು, ರಾತ್ರಿ ಎರಡು. ಒಟ್ಟು 900 ಮಿಲಿ ಹತ್ತಿರ. ಅಷ್ಟು ಹಾಲು ಕುಡಿದ ಮಗುವಿಗೆ ಹಸಿವೆಲ್ಲಿ? ಊಟ ಅಂದರೆ ಎರಡು ತುತ್ತು ಮೊಸರನ್ನ, ಮಧ್ಯೆ ರಸ್ಕು, ಬಿಸ್ಕತ್ತು. ನೀರು ಇಡೀ ದಿನದಲ್ಲಿ ಒಂದು ಲೋಟ ಇರಬಹುದು.

ನಾನು ಪಟ್ಟಿಯನ್ನು ಉದ್ದ ಮಾಡಲಿಲ್ಲ. ಹಾಲು ದಿನಕ್ಕೆ 400 ಮಿಲಿ ದಾಟಬಾರದು, ಲೋಟದಲ್ಲಿ ಕೊಡಬೇಕು, ಊಟದ ನಂತರ ಕೊಡಬೇಕು. ಇದಕ್ಕೇ ಎರಡು ವಾರ ಬೇಕಾಯಿತು. ಮೊದಲು ಮಧ್ಯಾಹ್ನದ ಬಾಟಲಿ ಹೋಯಿತು, ಆಮೇಲೆ ಮಧ್ಯರಾತ್ರಿಯದ್ದು. ಮಲಗುವಾಗಿನದು ಕೊನೆಗೆ, ತುಂಬ ಅತ್ತು. ಆದರೆ ಹಾಲು ಇಳಿದ ಹಾಗೆಯೇ ಊಟ ತಾನಾಗಿಯೇ ಏರಿತು.

ಉಳಿದದ್ದಕ್ಕೆ ಪೇಟೆಯಿಂದ ಏನೂ ತರಬೇಕಾಗಿರಲಿಲ್ಲ. ಮನೆಯಲ್ಲಿ ದೊಡ್ಡವರು ತಿನ್ನುತ್ತಿದ್ದದ್ದು ಕುಚ್ಚಲಕ್ಕಿ, ಪುಟ್ಟನಿಗೆ ಮಾತ್ರ ಮೆತ್ತಗಿರಲಿ ಅಂತ ಬೆಳ್ತಿಗೆ. ಅವನಿಗೂ ಕುಚ್ಚಲಕ್ಕಿಯನ್ನೇ ಚೆನ್ನಾಗಿ ಬೇಯಿಸಿ ಗಂಜಿ ಮಾಡಿ, ಅದಕ್ಕೆ ಬೇಯಿಸಿದ ಹೆಸರುಕಾಳು ಕಿವುಚಿ ಹಾಕಿದರು. ಗಂಜಿಯ ತಿಳಿಯೂ ಹೊಟ್ಟೆಗೆ ಹೋಗುತ್ತದೆ, ಅಂದರೆ ನೀರೂ ಹೋದ ಹಾಗೆ. ಬಸಳೆಯನ್ನು ಖಾರ ಹಾಕುವ ಮುಂಚೆ ಒಂದು ಸೌಟು ತೆಗೆದಿಟ್ಟು ಅವನಿಗೆ ಕೊಟ್ಟರು. ಹರಿವೆ ಸೊಪ್ಪು ಅವನು ಮುಟ್ಟಲಿಲ್ಲ, ಬಿಟ್ಟುಬಿಟ್ಟರು. ಬೆಳಿಗ್ಗೆ ಇಡ್ಲಿಯ ಬದಲು ವಾರದಲ್ಲಿ ಕೆಲವು ದಿನ ಹೆಸರುಕಾಳಿನ ದೋಸೆ. ಸಂಜೆ ರಸ್ಕಿನ ಜಾಗಕ್ಕೆ ಪಪ್ಪಾಯಿ, ಚಿಕ್ಕು ಅಥವಾ ಬೀಜ ತೆಗೆದ ಪೇರಳೆ. ಒಣದ್ರಾಕ್ಷಿಯ ನೀರು ಮಾತ್ರ ಕುಡಿಸಿದರೆ ನಾರು ಪಾತ್ರೆಯಲ್ಲೇ ಉಳಿಯುತ್ತದೆ, ಹಣ್ಣನ್ನೇ ತಿನ್ನಬೇಕು. ಆದರೆ ಈ ವಯಸ್ಸಿನಲ್ಲಿ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಆದ್ದರಿಂದ ನೆನೆಸಿ ಕಿವುಚಿ ಗಂಜಿಗೆ ಸೇರಿಸಿದರು.

ನಾರಿಗೆ ಒಂದು ಹಳೆಯ ಲೆಕ್ಕ ಇದೆ: ಮಗುವಿನ ವಯಸ್ಸಿಗೆ ಐದು ಸೇರಿಸಿದರೆ ಎಷ್ಟೋ, ದಿನಕ್ಕೆ ಅಷ್ಟು ಗ್ರಾಂ. ಪುಟ್ಟನಿಗೆ 8 ಗ್ರಾಂ. ಕುಚ್ಚಲಕ್ಕಿ, ಒಂದು ಹಿಡಿ ಬೇಯಿಸಿದ ಹೆಸರು, ಎರಡು ಸಲ ಹಣ್ಣು, ಒಂದು ತರಕಾರಿ ಸೇರಿದರೆ ಅದು ಬಂದುಬಿಡುತ್ತದೆ. ಅದಕ್ಕಿಂತ ಜಾಸ್ತಿ ತುರುಕಿದರೆ ಲಾಭ ಇಲ್ಲ. ಡಬ್ಬಿಯ ನಾರಿನ ಪುಡಿ, ಇಸಬ್ಗೋಲು ಇಂಥವು ಈ ವಯಸ್ಸಿಗೆ ಬೇಡ ಅಂದೆ. ನೀರು ಸಾಕಷ್ಟು ಕುಡಿಯದ ಮಗುವಿಗೆ ಅವು ಉಲ್ಟಾ ಹೊಡೆಯಬಹುದು.

ಊಟದಿಂದಲೇ ವಾಸಿ ಮಾಡಿ ಔಷಧಿ ಬಿಡಬಹುದಲ್ಲಾ ಅಂತ ಅಪ್ಪ ಕೇಳಿದರು. ಮಲಬದ್ಧತೆ ಈಗಷ್ಟೇ ಶುರುವಾಗಿದ್ದರೆ, ಮಗು ಹೆದರದಿದ್ದರೆ, ಊಟವೇ ಸಾಕಾಗಬಹುದು. ಹಿಡಿದಿಡುವ ಮಗುವಿಗೆ ಸಾಕಾಗುವುದಿಲ್ಲ. ಪಪ್ಪಾಯಿ ತಿಂದು ಮೆತ್ತಗಾದ ಮಲವನ್ನೂ ಅವನು ನಾಲ್ಕು ದಿನ ಹಿಡಿದಿಟ್ಟು ಕಲ್ಲು ಮಾಡಬಲ್ಲ. ಊಟ ಮುಂದಿನ ವರ್ಷಗಳಿಗೆ, ಪುಡಿ ಈಗಿನ ಭಯಕ್ಕೆ.

ಕೂರುವ ಅಭ್ಯಾಸ

ಪುಡಿ ಶುರುವಾಗಿ ಒಂದು ತಿಂಗಳಾಗುವ ಹೊತ್ತಿಗೆ ಪುಟ್ಟ ಅಳದೆ ಡಯಾಪರ್‌ನಲ್ಲಿ ಮಾಡುತ್ತಿದ್ದ. ಆಮೇಲೆ ಜಾಗ ಬದಲಿಸಿದೆವು, ಒಂದೊಂದೇ ಹೆಜ್ಜೆ. ಮೊದಲು ಡಯಾಪರ್ ಹಾಕಿಕೊಂಡೇ, ನಿಂತುಕೊಂಡೇ, ಆದರೆ ಬಚ್ಚಲುಮನೆಯಲ್ಲಿ. ಅದು ಒಗ್ಗಿದ ಮೇಲೆ ಡಯಾಪರ್ ಹಾಕಿಕೊಂಡು ಅವನದೇ ಚಿಕ್ಕ ಪಾಟಿಯ ಮೇಲೆ ಕೂರುವುದು. ಆಮೇಲೆ ಡಯಾಪರ್ ಸಡಿಲ ಮಾಡಿ ಕೂರುವುದು. ಕೊನೆಗೆ ಡಯಾಪರ್‌ಅನ್ನು ಪಾಟಿಯ ಒಳಗೆ ಹಾಸಿ ಅದರ ಮೇಲೆ ಕೂರುವುದು. ಒಂದು ಹೆಜ್ಜೆಯಲ್ಲಿ ಹೆದರಿದರೆ ಹಿಂದಿನ ಹೆಜ್ಜೆಗೆ ಹೋಗಿ ಕೆಲವು ದಿನ ಅಲ್ಲೇ ಇರುವುದು.

ಹೊತ್ತು ಎರಡೇ, ಬೆಳಿಗ್ಗೆ ತಿಂಡಿಯಾದ ಮೇಲೆ ಮತ್ತು ರಾತ್ರಿ ಊಟವಾದ ಮೇಲೆ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚಲಿಸುತ್ತದೆ, ಆ ಅರ್ಧ ಗಂಟೆಯನ್ನು ಬಳಸಿಕೊಳ್ಳುವುದು. ಕೂರುವುದು ಐದು ನಿಮಿಷ ಮಾತ್ರ, ಪಾದ ನೆಲಕ್ಕೆ ಊರಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ. ಊರಿನ ಮನೆಯ ಕುಕ್ಕರಗಾಲಿನ ಕಕ್ಕಸಿನಲ್ಲಿ ಈ ಭಂಗಿ ತಾನಾಗಿಯೇ ಬರುತ್ತದೆ. ದೊಡ್ಡ ಕಮೋಡಾದರೆ ಕಾಲ ಕೆಳಗೆ ಮಣೆ ಬೇಕೇ ಬೇಕು.

ರಥಬೀದಿಯಿಂದ ಅಪ್ಪ ಸೋಪಿನ ಗುಳ್ಳೆ ಊದುವ ಬಾಟ್ಲಿ ತಂದರು. ಅದು ಪಾಟಿಯ ಮೇಲೆ ಕೂತಾಗ ಮಾತ್ರ ಕೈಗೆ ಸಿಗುತ್ತದೆ. ಗುಳ್ಳೆ ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ, ಕೆಳಗಿನ ಬಿಗಿ ಸಡಿಲಾಗುತ್ತದೆ. ಮುಕ್ಕು ಅಂತ ಹೇಳುವ ಅಗತ್ಯವೇ ಬರುವುದಿಲ್ಲ. ಸ್ಟಿಕ್ಕರ್ ಕೊಡುವುದು ಕೂತದ್ದಕ್ಕೆ, ಕಕ್ಕ ಬಂದದ್ದಕ್ಕೆ ಅಲ್ಲ. ಕೂರುವುದು ಅವನ ಕೈಯಲ್ಲಿದೆ, ಬರುವುದು ಅವನ ಕೈಯಲ್ಲಿಲ್ಲ. ಗಂಟೆಗೊಮ್ಮೆ "ಕಕ್ಕ ಬಂತಾ?" ಅಂತ ಕೇಳುವುದನ್ನು ಮನೆಯವರೆಲ್ಲ ಬಿಟ್ಟರು. ಅಜ್ಜಿಗೆ ಅದು ಸುಲಭ ಇರಲಿಲ್ಲ.

ಚೌತಿಗೆ ಊರಿಗೆ ಹೋದಾಗ

ಎರಡು ತಿಂಗಳಾಗುತ್ತಾ ಬಂದಿತ್ತು. ಎಲ್ಲ ಸರಿಯಾಗಿದೆ ಅನ್ನಿಸಿತ್ತು. ಚೌತಿಗೆ ಊರಿನ ಮನೆಗೆ ಹೋಗುವಾಗ ಪುಡಿ ತೆಗೆದುಕೊಂಡು ಹೋಗಲಿಲ್ಲ. ಮರೆತದ್ದಲ್ಲ, ಇನ್ನು ಬೇಡ ಅಂತ ಅಪ್ಪನೇ ತೀರ್ಮಾನ ಮಾಡಿದ್ದು. ಹಬ್ಬದ ಮನೆ, ತುಂಬ ಜನ, ಗುರುತಿಲ್ಲದ ಕಕ್ಕಸು, ಚಕ್ಕುಲಿ, ಲಡ್ಡು. ಮೂರು ದಿನ ಹೋಗಲಿಲ್ಲ. ನಾಲ್ಕನೇ ದಿನ ಗಟ್ಟಿ ಮಲ, ಕಿರುಚಾಟ. ಮನೆಗೆ ವಾಪಸ್ ಬಂದ ಸಂಜೆ ಪುಟ್ಟ ಮತ್ತೆ ಸೋಫಾದ ಹಿಂದೆ.

ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರಲು, ಅದರ ಎಚ್ಚರ ಮರಳಲು ತಿಂಗಳುಗಳು ಬೇಕು. ಮಗುವಿನ ನೆನಪು ಮಾಸಲೂ ಅಷ್ಟೇ ಸಮಯ ಬೇಕು. ನೋವಿನದ್ದೊಂದು ಸಲ ಆದರೆ ನೋವಿಲ್ಲದ ಹತ್ತಾರು ಸಲ ಆಗಬೇಕು. ಅದಕ್ಕೇ ಕನಿಷ್ಠ ಎರಡು ತಿಂಗಳು ಔಷಧಿ ಕೊಡಬೇಕು, ಅದೂ ಕೊನೆಯ ಒಂದು ತಿಂಗಳಲ್ಲಿ ಯಾವ ತೊಂದರೆಯೂ ಇರಬಾರದು, ಆಮೇಲೆ ನಿಧಾನವಾಗಿ ಇಳಿಸಬೇಕು ಅಂತ ಹೇಳುವುದು. ಅನೇಕ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಈ ಪುಡಿ ಕರುಳನ್ನು ಸೋಮಾರಿ ಮಾಡುವುದಿಲ್ಲ, ಅಭ್ಯಾಸವೂ ಆಗುವುದಿಲ್ಲ. ಬೇಗ ನಿಲ್ಲಿಸಿದಾಗ ತೊಂದರೆ ಮರಳುವುದನ್ನು ನೋಡಿ, ಅಭ್ಯಾಸ ಆಗಿದೆ ಅಂತ ಜನ ತಿಳಿದುಕೊಳ್ಳುತ್ತಾರೆ.

ಮೂರು ದಿನ ದಿನಕ್ಕೆ 13 ಗ್ರಾಂ ಕೊಟ್ಟು ಮತ್ತೆ 8 ಗ್ರಾಂಗೆ ತಂದೆವು. ಡಯಾಪರ್‌ನಲ್ಲಿ ನಿಂತು ಮಾಡುವ ಹೆಜ್ಜೆಗೆ ವಾಪಸ್ ಹೋದೆವು. ಈ ಸಲ ಬೇಗ ಸರಿಯಾಯಿತು, ಮೂರನೇ ವಾರಕ್ಕೆ ಪಾಟಿಯ ಮೇಲೆ ಕೂರುತ್ತಿದ್ದ. ಅಪ್ಪ ಆಮೇಲೆ ಪ್ರಯಾಣದ ಬ್ಯಾಗಿನಲ್ಲಿ ಪುಡಿ ಮತ್ತು ಪಾಟಿ ಎರಡನ್ನೂ ತಾವೇ ಇಡತೊಡಗಿದರು.

ಆಮೇಲೆ

ಡಯಾಪರ್ ಇಲ್ಲದೆ ಪಾಟಿಯಲ್ಲಿ ಮಾಡಿದ್ದು ದೀಪಾವಳಿ ಕಳೆದ ಮೇಲೆ. ಜನವರಿಯಲ್ಲಿ ಪುಡಿ ಇಳಿಸಲು ಶುರು ಮಾಡಿದೆವು, ಎರಡು ಮೂರು ವಾರಕ್ಕೊಮ್ಮೆ ಎರಡು ಗ್ರಾಂ. 4 ಗ್ರಾಂನಲ್ಲಿ ಒಂದು ವಾರ ಮಲ ಗಟ್ಟಿಯಾಯಿತು, ಮತ್ತೆ 6ಕ್ಕೆ ಹೋಗಿ ಅಲ್ಲಿ ಒಂದು ತಿಂಗಳು ನಿಂತೆವು. ಹಾಗಾಗಿ ಪೂರ್ತಿ ನಿಂತದ್ದು ಏಪ್ರಿಲ್ ಹೊತ್ತಿಗೆ. ಒಟ್ಟು ಒಂಬತ್ತು ತಿಂಗಳಿಗಿಂತ ಸ್ವಲ್ಪ ಹೆಚ್ಚು.

ಇಷ್ಟು ಮಾಡಿಯೂ ಸರಿಯಾಗದಿದ್ದರೆ ನಾನು ಎರಡು ದಾರಿ ನೋಡುತ್ತಿದ್ದೆ. ಕೆಲವು ಮಕ್ಕಳಲ್ಲಿ ಹಸುವಿನ ಹಾಲಿನ ಪ್ರೋಟೀನ್ ಒಗ್ಗದೆ ಮಲಬದ್ಧತೆ ಬರುತ್ತದೆ. ಅವರಿಗೆ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಬಿಸ್ಕತ್ತಿನಲ್ಲಿರುವ ಹಾಲು ಎಲ್ಲ ಪೂರ್ತಿ ಬಿಟ್ಟು ನೋಡಿ, ಮತ್ತೆ ಕೊಟ್ಟು ಪರೀಕ್ಷಿಸಬೇಕಾಗುತ್ತದೆ. ಇನ್ನೊಂದು, ಥೈರಾಯ್ಡ್ ಮತ್ತು ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಗೆ ರಕ್ತ ಪರೀಕ್ಷೆ. ಪುಟ್ಟನಿಗೆ ಎರಡೂ ಬೇಕಾಗಲಿಲ್ಲ.

ಜೂನ್‌ನಲ್ಲಿ ಮತ್ತೆ ಶಾಲೆಗೆ ಸೇರಿದ. ಅಮ್ಮ ಟೀಚರ್ ಹತ್ತಿರ ಮೊದಲೇ ಮಾತಾಡಿ, ಅವನು ಕೇಳಿದ ತಕ್ಷಣ ಕಳಿಸಬೇಕು, ಆಮೇಲೆ ಹೋಗು ಅನ್ನಬಾರದು ಅಂತ ಒಪ್ಪಿಸಿದ್ದರು. ಕಾಲ ಕೆಳಗಿಡಲು ಒಂದು ಚಿಕ್ಕ ಸ್ಟೂಲನ್ನೂ ಶಾಲೆಗೆ ಕೊಟ್ಟರು. ಶಾಲೆಯಲ್ಲಿ ಅವನು ಇನ್ನೂ ಕಕ್ಕ ಮಾಡುವುದಿಲ್ಲ, ಮನೆಗೆ ಬಂದೇ ಮಾಡುತ್ತಾನೆ. ಬೆಳಿಗ್ಗೆ ತಿಂಡಿಯ ನಂತರ ಹೋಗಿ ಬಂದಿರುವುದರಿಂದ ಅದರಿಂದ ತೊಂದರೆ ಆಗಿಲ್ಲ. ಪುಡಿಯ ಡಬ್ಬಿ ಮನೆಯಲ್ಲಿ ಇದೆ. ಎರಡು ದಿನ ಹೋಗದಿದ್ದರೆ, ಜ್ವರ ಬಂದು ಕುಡಿಯುವುದು ಕಡಿಮೆಯಾದರೆ, ಅಥವಾ ಅವನು ತುದಿಗಾಲ ಮೇಲೆ ನಿಂತದ್ದು ಕಂಡರೆ ಅವತ್ತೇ 8 ಗ್ರಾಂ ಶುರು ಮಾಡಿ ನನಗೆ ಫೋನ್ ಮಾಡಬೇಕು ಅಂತ ಮಾತಾಗಿದೆ. ಮಳೆಗಾಲದಲ್ಲಿ ಶೀತಜ್ವರ ಬಂದಾಗ ಒಮ್ಮೆ ಹಾಗೆ ಮಾಡಿದರು, ಒಂದು ವಾರ ಕೊಟ್ಟು ನಿಲ್ಲಿಸಿದರು.